ಮೀಟರ್ ಪೆಟ್ಟಿಗೆಯೊಳಗಿನ ಪೊಟ್ಟಣ

ನಮ್ಮ ಡೆಲಿವರಿ ಗೋದಾಮಿನಲ್ಲಿ ಎಲ್ಲರೂ ಅವರನ್ನು ಸ್ಟುಡಿಯೋ ಮಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದ ಮನುಷ್ಯ. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅಂಗಡಿಗೆ ಬೀಗ ಹಾಕಿ, ಐವತ್ತು ದಾಟಿದ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ನಮ್ಮಲ್ಲಿಗೆ ಬಂದರು. ನಾನು ಅಲ್ಲಿ ದೂರುಗಳ ಮೇಜಿನಲ್ಲಿ ಕೂರುವವಳು. ದಿನವಿಡೀ ಬೈಸಿಕೊಳ್ಳುವುದೇ ಕೆಲಸವಾದ್ದರಿಂದ ನನ್ನ ನಾಲಿಗೆಯೂ ಸ್ವಲ್ಪ ಖಾರ.

ನಮ್ಮಲ್ಲಿ ಬೆಲೆಬಾಳುವ ಪಾರ್ಸೆಲ್ಲಾದರೆ ಗ್ರಾಹಕರ ಫೋನಿಗೆ ಓಟಿಪಿ ಬರುತ್ತದೆ. ಅವರು ಆ ಅಂಕಿ ಹೇಳಬೇಕು, ಹುಡುಗರು ಆ್ಯಪ್‌ನಲ್ಲಿ ಒತ್ತಬೇಕು. ಅಂಕಿ ತಾಳೆಯಾದ ಮೇಲೆಯೇ ಆರ್ಡರು ‘ದಾರಿಯಲ್ಲಿದೆ’ ಎಂಬಲ್ಲಿಂದ ‘ತಲುಪಿದೆ’ ಎಂಬಲ್ಲಿಗೆ ಹೋಗುತ್ತದೆ. ಸಣ್ಣಪುಟ್ಟ ಸಾಮಾನಿಗೆ ಅಷ್ಟೆಲ್ಲ ಇಲ್ಲ. ಮನೆಯಲ್ಲಿ ಯಾರೂ ಇರದಿದ್ದರೆ ಬಾಗಿಲ ಮುಂದಿಟ್ಟು ಒಂದು ಫೋಟೋ ತೆಗೆದರೆ ಸಾಕು. ಫೋಟೋದ ಜೊತೆ ಸಮಯ ಮತ್ತು ಜಾಗದ ಗುರುತೂ ಹೋಗುತ್ತದೆ, ‘ತಲುಪಿದೆ’ ಎಂಬ ಸಂದೇಶ ಗ್ರಾಹಕರನ್ನು ಮುಟ್ಟುತ್ತದೆ. ಅಲ್ಲಿಗೆ ನಮ್ಮ ಕಡೆಯ ಲೆಕ್ಕ ಚುಕ್ತಾ.

ಉಳಿದವರ ಫೋಟೋಗಳನ್ನು ದೇವರೇ ನೋಡಬೇಕು. ಒಂದರಲ್ಲಿ ತೆಗೆದವನ ಹೆಬ್ಬೆರಳು, ಇನ್ನೊಂದರಲ್ಲಿ ಬರೀ ಚಪ್ಪಲಿ. ಮಾಮನದು ಹಾಗಲ್ಲ. ಮನೆ ನಂಬರು, ಹೊಸ್ತಿಲು, ಪಾರ್ಸೆಲ್ಲಿನ ಮೇಲಿನ ಹೆಸರು ಎಲ್ಲ ಕಣ್ಣಿಗೆ ಹೊಡೆಯುವಂತೆ ಇರುತ್ತಿತ್ತು. “ಏನ್ ಮಾಮ, ಪಾರ್ಸೆಲ್ಲಿಗೆ ಪೌಡ್ರು ಹಚ್ಚಿ ಕೂರಿಸ್ತೀರಾ?” ಎಂದು ರೇಗಿಸುತ್ತಿದ್ದೆ. “ಬೆಳಕು ನೋಡ್ಬೇಕು ಮಗಳೇ, ಬೆಳಕು,” ಎನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಅವರ ಮೇಲೆ ಒಂದು ದೂರೂ ನಿಂತಿರಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಸಣ್ಣ ಪೊಟ್ಟಣವಾದರೆ ಬಾಗಿಲ ಮುಂದೆ ಫೋಟೋ ತೆಗೆದ ಮೇಲೆ ಅದನ್ನು ಅಲ್ಲೇ ಬಿಡುತ್ತಿರಲಿಲ್ಲ. ಗಾಳಿಗೆ ಹಾರೀತು, ಯಾರಾದರೂ ಎತ್ತಿಕೊಂಡಾರು ಎಂದು ಹೂಕುಂಡದ ಹಿಂದೆಯೋ, ಮೀಟರ್ ಪೆಟ್ಟಿಗೆಯೊಳಗೋ ಇಟ್ಟು, ಗ್ರಾಹಕರಿಗೆ ಫೋನು ಮಾಡಿ ಹೇಳಿ, ಆಮೇಲೆ ಆ್ಯಪ್‌ನ ‘ತಲುಪಿದೆ’ ಗುಂಡಿ ಒತ್ತುತ್ತಿದ್ದರು. ನಿಯಮದ ಪ್ರಕಾರ ಅದು ತಪ್ಪು. ಆದರೆ ಜನ ಹರಸುತ್ತಿದ್ದರು, ನಾವೂ ಕಂಡೂ ಕಾಣದಂತೆ ಇದ್ದೆವು.

ಆ ದಿನ ಒಂದು ಮನೆಯ ಬಾಗಿಲಿಗೆ ಬೀಗ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪಾರ್ಸೆಲ್ಲು. ಫೋಟೋ ತೆಗೆದರು, ಮೀಟರ್ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು, ಫೋನು ಮಾಡಿದರು. ಎರಡು ಸಲ ರಿಂಗಾಯಿತು, ಎತ್ತಲಿಲ್ಲ. ಚೀಲದಲ್ಲಿ ಇನ್ನೂ ಮೂವತ್ತು ಪಾರ್ಸೆಲ್ಲಿದ್ದವು. ಮಿಸ್ಡ್ ಕಾಲ್ ನೋಡಿ ಅವರೇ ಮಾಡುತ್ತಾರೆ ಎಂದುಕೊಂಡು ಗುಂಡಿ ಒತ್ತಿಬಿಟ್ಟರು. ಎಲ್ಲಿಟ್ಟಿರಿ ಎಂದು ಆ್ಯಪ್ ಕೇಳಿತು. ಬಾಗಿಲ ಬಳಿ, ಪಕ್ಕದ ಮನೆ, ಕಾವಲುಗಾರ ಎಂಬ ಮೂರೇ ಉತ್ತರಗಳಿದ್ದವು. ಮೀಟರ್ ಪೆಟ್ಟಿಗೆ ಇರಲಿಲ್ಲ. ‘ಬಾಗಿಲ ಬಳಿ’ ಎಂದು ಒತ್ತಿದರು.

ಆರ್ಡರು ‘ತಲುಪಿದೆ’ ಆದೊಡನೆ ಗ್ರಾಹಕರಿಗೂ ತಂದುಕೊಟ್ಟವರಿಗೂ ಇದ್ದ ಫೋನಿನ ಸಂಬಂಧ ಕಡಿದುಹೋಗುತ್ತದೆ. ನಿಜವಾದ ನಂಬರು ಇಬ್ಬರಿಗೂ ಗೊತ್ತಿರುವುದಿಲ್ಲ, ನಡುವೆ ಕಂಪನಿಯ ನಂಬರೊಂದು ಇರುತ್ತದೆ, ಅಷ್ಟೆ. ಆ ಮನೆಯಾಕೆ ಸಂಜೆ ಆ ನಂಬರಿಗೆ ಮಾಡಿದಾಗ, ಈ ಕರೆ ಈಗ ಸಾಧ್ಯವಿಲ್ಲ ಎಂದು ಯಂತ್ರ ಹೇಳಿತಂತೆ. ಮರುದಿನ ಮಾಮನನ್ನು ಬೇರೆ ಬಡಾವಣೆಗೆ ಹಾಕಿದರು.

ಇನ್ನು ನನ್ನ ಪಾಲು. ‘ತಲುಪಿದೆ ಎಂದು ತೋರಿಸುತ್ತಿದೆ, ನಮಗೆ ಸಿಕ್ಕಿಲ್ಲ’ ಎಂಬ ಆಕೆಯ ದೂರು ಮರುದಿನ ಬೆಳಗ್ಗೆ ನನ್ನ ಮೇಜಿಗೆ ಬಂತು. ಫೋಟೋ ತೆರೆದೆ. ಮಾಮನ ಫೋಟೋ. ಮನೆ ನಂಬರು ಸರಿ, ಜಾಗದ ಗುರುತು ಸರಿ. ತಂದುಕೊಟ್ಟವರಿಗೆ ಒಮ್ಮೆ ಫೋನು ಮಾಡಿ ಕೇಳಬೇಕೆಂಬುದು ನಿಯಮ. ನಾನು ಮಾಡಲಿಲ್ಲ. ಮಾಮ ಎಂದಾದರೂ ತಪ್ಪುವುದುಂಟೇ? ‘ಫೋಟೋ ಸಾಕ್ಷಿ ಸರಿಯಾಗಿದೆ’ ಎಂದು ಬರೆದು ಎರಡೇ ನಿಮಿಷದಲ್ಲಿ ದೂರು ಮುಚ್ಚಿ ಟೀ ಕುಡಿಯಲು ಎದ್ದೆ.

ಆಕೆ ಮತ್ತೆ ದೂರು ಕೊಟ್ಟಳು. ಎರಡನೆಯ ದೂರು ನನ್ನನ್ನು ದಾಟಿ ಮೇಲಿನವರಿಗೆ ಹೋಗುತ್ತದೆ. ಮೂರನೆಯ ದಿನ ಬೆಳಗ್ಗೆ ಮಾಮ ಕೆಲಸಕ್ಕೆ ಬಂದರೆ ಆ್ಯಪ್‌ನಲ್ಲಿ ಅವರ ಐಡಿ ತೆರೆಯಲೇ ಇಲ್ಲ. ಸಂಜೆಯೊಳಗೆ ಪಾರ್ಸೆಲ್ಲು ಸಿಕ್ಕಿ, ಗ್ರಾಹಕರು ಹೊಸ ಓಟಿಪಿ ಕೊಟ್ಟು ದೂರು ಮುಗಿಸಬೇಕು. ಇಲ್ಲದಿದ್ದರೆ ಐಡಿ ಶಾಶ್ವತವಾಗಿ ಬಂದ್, ಕೆಲಸವೂ ಹೋಯಿತು.

“ಅಯ್ಯೋ, ಅದು ಮೀಟರ್ ಪೆಟ್ಟಿಗೇಲಿದೆ ಮಗಳೇ! ಈಗ್ಲೇ ಹೋಗಿ ಕೊಟ್ಬರ್ತೀನಿ,” ಎಂದರು ಮಾಮ.

“ಪಕ್ಕದ ಮನೆಯವ್ರ ಹತ್ರ ಇತ್ತು ಅಂತ ಹೇಳಿ ಮಾಮ. ನಿಮ್ ತಲೆ ಮೇಲೆ ಬರಲ್ಲ,” ಎಂದೆ.

“ಸುಳ್ಳು ಯಾಕೆ? ಇಟ್ಟಿದ್ದು ನಾನೇ ಅಲ್ವಾ?”

ಓಟಿಪಿಯನ್ನು ಇಲ್ಲಿಂದ ನಾನೇ ಕಳಿಸಬೇಕಿತ್ತು. ಹಾಗಾಗಿ ಫೋನು ಚಾಲೂ ಇಟ್ಟುಕೊಂಡೇ ಅಂಗಿ ಜೇಬಿಗೆ ಹಾಕಿಕೊಂಡು ಹೋದರು. ಮೆಟ್ಟಿಲು ಹತ್ತಿದ್ದು, ತಗಡಿನ ಬಾಗಿಲು ಕಿರ್ರೆಂದದ್ದು, “ಇದೆ ಮಗಳೇ, ಇದೆ!” ಎಂದದ್ದು, ಎಲ್ಲ ಕೇಳಿಸಿತು. ನಾನು ಆಕೆಯ ಫೋನಿಗೆ ಓಟಿಪಿ ಕಳಿಸಿದೆ.

ಬಾಗಿಲು ತೆರೆದಿತ್ತಂತೆ. ಒಳಗೆ ಜನ ತುಂಬಿದ್ದರಂತೆ. ಆಕೆ ಹೊರಗೆ ಬಂದಳು.

“ಅಮ್ಮಾ, ನಿಮ್ಮ ಪಾರ್ಸೆಲ್ಲು. ಇಲ್ಲೇ ಈ ಪೆಟ್ಟಿಗೇಲಿ ಇಟ್ಟಿದ್ದೆ. ನಿಮಗೆ ಹೇಳಕ್ಕಾಗ್ಲಿಲ್ಲ. ತಪ್ಪಾಯ್ತು.”

ಪೊಟ್ಟಣ ಕೈ ಬದಲಾದ ಸದ್ದಾಯಿತು. ಆಮೇಲೆ ಆಕೆಯ ದನಿ ಕೇಳಿತು. “ಇಲ್ಲೇ ಇತ್ತಾ? ಮೂರು ದಿನಾನೂ?”

“ಹೌದಮ್ಮಾ.”

“ನಮ್ಮಮ್ಮನ ಕಿವಿ ಮಿಷಿನ್ನಿನ ಚಾರ್ಜರ್ ಇದು. ಹಳೇದು ಕೆಟ್ಟೋಗಿತ್ತು, ಅಂಗಡೀಲಿ ಎಲ್ಲೂ ಸಿಗ್ಲಿಲ್ಲ. ಆಸ್ಪತ್ರೆಯವ್ರು ಮನೆಗೆ ಕರ್ಕೊಂಡ್ ಹೋಗಿ ಅಂದಿದ್ರು. ಎರಡು ದಿನ ಅಮ್ಮ ನನ್ನ ಬಾಯನ್ನೇ ನೋಡ್ತಿದ್ಲು. ಏನು, ಏನು ಅಂತ ಕೇಳ್ತಾನೇ ಇದ್ಲು. ಅವಳಿಗೆ ಹೇಳೋದು ಬೇಕಾದಷ್ಟಿತ್ತು ನಂಗೆ. ಇವತ್ತು ಬೆಳಗಿನ ಜಾವ ಹೋಗ್ಬಿಟ್ಲು.”

ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಅಳುತ್ತಿದ್ದೆ. ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಪರದೆಯ ಮೇಲಿತ್ತು. ಓಟಿಪಿಗೆ ಹತ್ತು ನಿಮಿಷ ಮಾತ್ರ ಅವಧಿ. “ಮಾಮ, ಓಟಿಪಿ ನಂಬರ್ ಕೇಳಿ,” ಎಂದು ಪಿಸುಗುಟ್ಟಿದೆ. ಅವರು ಆಕೆಯನ್ನು ಕೇಳಲಿಲ್ಲ.

ಆಕೆಯೇ ಮತ್ತೆ ಮಾತಾಡಿದಳು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಳು. “ನಾನು ಮೊದಲ ದಿನಾನೇ ದೂರು ಕೊಟ್ಟಿದ್ದೆ. ಎಲ್ಲಿಟ್ರಿ ಅಂತ ಆಫೀಸಿಂದ ನಿಮಗೆ ಯಾರೂ ಫೋನ್ ಮಾಡ್ಲಿಲ್ವಾ?”

ಮಾಮನಿಗೆ ಯಾವ ಫೋನೂ ಬಂದಿರಲಿಲ್ಲ. ಆ ಮೇಜಿನಲ್ಲಿ ಯಾರು ಕೂರುತ್ತಾರೆಂದು ಅವರಿಗೆ ಗೊತ್ತಿತ್ತು, ಅವಳು ಈಗ ತಮ್ಮ ಜೇಬಿನೊಳಗಿಂದ ಕೇಳಿಸಿಕೊಳ್ಳುತ್ತಿದ್ದಾಳೆಂದೂ ಗೊತ್ತಿತ್ತು.

“ಮಾಡಿದ್ರಮ್ಮಾ,” ಎಂದರು. “ನಾನೇ ಎತ್ತಲಿಲ್ಲ.”

ಬಾಗಿಲು ಮುಚ್ಚಿದ ಸದ್ದು ಕೇಳಿತು. ಓಟಿಪಿಯ ಅವಧಿ ಮುಗಿಯಿತು. ಸಂಜೆ ಅವರ ಐಡಿ ಬಂದ್ ಆಯಿತು. ನಾನು ಮರುದಿನವೂ ಅದೇ ಮೇಜಿಗೆ ಹೋಗಿ ಕುಳಿತೆ, ಯಾರಿಗೂ ಏನೂ ಹೇಳಲಿಲ್ಲ.