ಶಂಕ್ರೆಪ್ಪನ ಕಚ್ಚಾ ವಹಿ

ವಿಜಯಪುರದ ಉಪನೋಂದಣಿ ಕಚೇರಿಯ ಹೊರಗೆ ಶಂಕ್ರೆಪ್ಪ ಖರೀದಿಪತ್ರ ಬರೆಯುತ್ತ ಕೂತು ನಲವತ್ತೆರಡು ವರ್ಷ. ಈಗ ಬರೆಯುವುದು ಕಡಿಮೆ, ಕೂರುವುದೇ ಹೆಚ್ಚು. ಟೈಪು ಮಾಡುವವರು ಬಂದರು, ಕಂಪ್ಯೂಟರ್ ಬಂತು, ಮೊಣಕಾಲಿಗೆ ನೋವೂ ದಿನದ ಗುಳಿಗೆಯೂ ಬಂದವು. ಆದರೂ "ಶಂಕ್ರೆಪ್ಪ ಬರೆದ ಪತ್ರಕ್ಕೆ ತಿದ್ದುಪಡಿ ಇಲ್ಲ" ಎಂಬ ಮಾತು ಉಳಿದಿತ್ತು. ಆಸ್ತಿ ಅಂತ ಅವನಿಗಿದ್ದದ್ದು ಅದೊಂದೇ.

ಒಂದು ಮುಂಜಾನೆ ಕುವೈತಿನಿಂದ ಗೌತಮಿಯ ಫೋನು ಬಂತು. ಜೈನಾಪುರದವಳು, ಅಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸು. ೧೯೯೪ರಲ್ಲಿ ರಜೆಗೆ ಬಂದಾಗ ತನ್ನ ದುಡಿಮೆಯಲ್ಲಿ ಊರ ಖಂಡಪ್ಪನಿಂದ ಎರಡು ಎಕರೆ ಕೊಂಡಿದ್ದಳು. ಪತ್ರ ಬರೆದವನು ಶಂಕ್ರೆಪ್ಪನೇ.

"ಕಾಕಾ, ಮೂಲಪತ್ರಕ್ಕ ಗೆದ್ದಲ ಹತ್ತ್ಯಾವ್ರಿ. ಖಂಡಪ್ಪನ ಮಗಾ ರಾಹುಲ ನಮ್ಮ ರಸ್ತೆ ಕಡೆ ಹೊಲದಾಗ ಕಲ್ಲ ನೆಟ್ಟಾನ. ನಿಮ್ಮದು ಹಳ್ಳದ ಕಡೆ ಐತಿ, ಇಲ್ಲಂದ್ರ ಕಾಗದ ತೋರಸ್ರಿ ಅಂತಾನ. ಮುಂದಿನ ವರ್ಷ ನೌಕರಿ ಮುಗಿಸಿ ಅಲ್ಲೇ ಬಂದಿರಬೇಕಂತ ಮಾಡೇನ್ರಿ. ಆನ್‌ಲೈನ್‌ನ್ಯಾಗ ಹುಡುಕಿದೆ, ಸಿಗಲಿಲ್ಲ."

"ಅಷ್ಟು ಹಳೇದು ಅದರಾಗ ಸಿಗೋದಿಲ್ಲ ತಂಗಿ. ಇಲ್ಲೇ ಅರ್ಜಿ ಕೊಟ್ಟು ಕಚೇರಿಯ ಹಳೇ ಸಂಪುಟ ತೆಗಸಬೇಕು."

"ಮುಖತ್ಯಾರಪತ್ರ ಕಳಸಬೇಕೇನ್ರಿ? ರಾಯಭಾರ ಕಚೇರಿಗೆ ಹೋಗಾಕ ಎರಡು ದಿನ ರಜಾ ಕೇಳೇನಿ."

"ರಜಾ ಉಳಿಸ್ಕೋ. ಖರೀದಿಪತ್ರದ ನಕಲು ಯಾರು ಬೇಕಾದ್ರೂ ಕೇಳಬಹುದು. ಮುಖತ್ಯಾರಪತ್ರ ನಿನ್ನ ಪರವಾಗಿ ಸಹಿ ಮಾಡೂ ಕೆಲಸಕ್ಕ ಬೇಕು, ನಕಲಿಗಲ್ಲ."

ಜೈನಾಪುರದ ತಾಲೂಕು ಈಗ ಬಬಲೇಶ್ವರವಾದರೂ ಆ ಪತ್ರ ನೋಂದಾದದ್ದು ವಿಜಯಪುರದಲ್ಲಿ. ನಂಬರು ಅವಳಿಗೆ ನೆನಪಿರಲಿಲ್ಲ. ಇಬ್ಬರ ಹೆಸರು, ಊರು, ಸರ್ವೆ ನಂಬರು, ವರ್ಷ ಬರೆದು ಶಂಕ್ರೆಪ್ಪ ತಾನೇ ಅರ್ಜಿ ಕೊಟ್ಟ, ಶೋಧದ್ದೂ ನಕಲಿನದೂ ಶುಲ್ಕ ತುಂಬಿದ. ಸೂಚಿಪುಸ್ತಕದಲ್ಲಿ ಹೆಸರು ಸಿಗುವುದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಸರ್ವರ್ ಇಲ್ಲ, ಆಮೇಲೆ ಸಾಹೇಬರು ಮೀಟಿಂಗಿಗೆ. ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ.

ಆರನೆಯ ದಿನ ಸಹಿ, ಮೊಹರಿನ ನಕಲು ಕೈಗೆ ಬಂತು. ಕಟ್ಟೆಯ ಮೇಲೆ ಕೂತು ಓದಿದ. ಹೊಲದ ನಾಲ್ಕೂ ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಗೆ ಬಂದವನು ಆ ಸಾಲನ್ನು ಮತ್ತೊಮ್ಮೆ ಓದಿದ. "ಮೂಡಣಕ್ಕೆ ಹಳ್ಳ, ಪಡುವಣಕ್ಕೆ ಖಂಡಪ್ಪನ ಉಳಿದ ಜಮೀನು." ಅಂದರೆ ಗೌತಮಿ ಕೊಂಡದ್ದು ಹಳ್ಳದ ಕಡೆಯ ಎರಡು ಎಕರೆ. ರಸ್ತೆ ಇದ್ದದ್ದು ಪಡುವಣಕ್ಕೆ. ಪಹಣಿಯಲ್ಲಿ ಎರಡು ಎಕರೆ ಎಂದಷ್ಟೇ ಇದೆ, ಯಾವ ಬಾಜು ಎಂದಿಲ್ಲ.

ಆಗೆಲ್ಲ ಕಚೇರಿಯ ಗುಮಾಸ್ತರು ಪತ್ರವನ್ನು ಕೈಯಿಂದಲೇ ಸಂಪುಟಕ್ಕೆ ಇಳಿಸುತ್ತಿದ್ದರು. ತಪ್ಪು ಅವರದೇ ಇರಬೇಕು ಎಂದು ಶಂಕ್ರೆಪ್ಪ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮೂಲ ಗೆದ್ದಲಿನ ಹೊಟ್ಟೆಯಲ್ಲಿದೆ, ಅಲ್ಲವೆನ್ನುವವರು ಯಾರು? ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ಜೋರಾಪುರ ಪೇಟೆಯ ಮನೆಗೆ ಹೋದವನು ಚಹಾ ಕೂಡ ಕುಡಿಯದೆ ಟ್ರಂಕು ತೆಗೆದ. ಪತ್ರ ಬರೆಯುವ ಮೊದಲು ಎರಡೂ ಕಡೆಯವರ ಮಾತನ್ನು ಗುರುತು ಹಾಕಿಕೊಳ್ಳುವ ಕಚ್ಚಾ ವಹಿಗಳು ಅದರಲ್ಲಿದ್ದವು.

ಆ ವರ್ಷದ ವಹಿ ಸಿಕ್ಕಿತು. ಮೇಲೆ ಪೆನ್ಸಿಲಿನಲ್ಲಿ ಖಂಡಪ್ಪ ಹೇಳಿದ್ದು: "ರಸ್ತೆ ಬಾಜು ಎರಡೆಕರೆ." ಕೆಳಗೆ ಖಂಡಪ್ಪನದೇ ಹೆಬ್ಬೆಟ್ಟು. ಅದರ ಕೆಳಗೆ ಶಂಕ್ರೆಪ್ಪನ ದುಂಡು ಅಕ್ಷರದ ಕರಡು: ಮೂಡಣಕ್ಕೆ ಹಳ್ಳ. ಗುಮಾಸ್ತ ಇದ್ದದ್ದನ್ನೇ ನಕಲಿಸಿದ್ದ. ದಿಕ್ಕು ತಪ್ಪಿದವನು ತಾನೇ.

ಒಲೆ ಉರಿಯುತ್ತಿತ್ತು. ವಹಿ ಸುಟ್ಟರೆ ಹೆಸರು ಉಳಿಯುತ್ತದೆ. ಆದರೆ ರಸ್ತೆ ಕಡೆಯದು ಗೌತಮಿಯದು ಎನ್ನುವ ಕಾಗದ ಲೋಕದಲ್ಲಿ ಇದೊಂದೇ. ಮಾಡಿದ್ದುಣ್ಣೋ ಮಹರಾಯ ಎಂದು ಎಷ್ಟು ಜನಕ್ಕೆ ಹೇಳಿದ್ದನೋ! ವಹಿಯನ್ನು ಮತ್ತೆ ಟ್ರಂಕಿನೊಳಗಿಟ್ಟು ಫೋನು ಹಚ್ಚಿದ.

"ತಂಗಿ, ನಕಲು ಸಿಕ್ಕೈತಿ. ಅದರಾಗ ತಪ್ಪೈತಿ. ತಪ್ಪು ನಂದು." ಎಲ್ಲವನ್ನೂ ಹೇಳಿದ. "ತಿದ್ದುಪಡಿ ಪತ್ರಕ್ಕ ಖಂಡಪ್ಪನ ವಾರಸುದಾರರ ಸಹಿ ಬೇಕು. ರಾಹುಲ ಮಾಡೋದಿಲ್ಲ. ದಿವಾಣಿ ಕೋರ್ಟಿಗೇ ಹೋಗಬೇಕು. ವಹಿ ನಾ ಕೊಡತೀನಿ. ನಾನ ತಪ್ಪಿ ಬರದೇನಿ ಅಂತ ಸಾಕ್ಷಿ ಹೇಳತೀನಿ."

ಬೈಯಲಿ, ಬೈದರೆ ಹಗುರಾದೇನು ಎಂದು ಕಾದ.

"ಕೇಸು ಎಷ್ಟು ವರ್ಷ ಹಿಡೀತೈತ್ರಿ ಕಾಕಾ?"

"ಹೇಳಾಕ ಬರೂದಿಲ್ಲವ್ವಾ. ಹತ್ತೂ ಆಗಬಹುದು."

"ನಿಮಗ ಈಗ ಎಷ್ಟ್ರಿ ವಯಸ್ಸು?"

"ಎಪ್ಪತ್ಮೂರು."

ಅವಳು ಉಸಿರು ಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿಸಿತು.

"ಹಂಗಾರ ಗುಳಿಗಿ ವ್ಯಾಳ್ಯಾಕ್ಕ ಸರಿಯಾಗಿ ತಗೋರಿ" ಎಂದಳು. "ನೀವು ಇರಬೇಕ್ರಿ, ಕಾಕಾ."