ಮೂರು ಪಟ್ಟಿ, ಎರಡು ಹೆಸರು, ಒಂದೇ ತೀರ್ಪು

ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಕೌಂಟರಿನಿಂದ ಇವಳ ಪಿಎಚ್.ಡಿ. ಪ್ರಬಂಧ ವಾಪಸ್ ಬಂದದ್ದು ಮಂಗಳವಾರ. ಬಂತು ಎನ್ನುವುದಕ್ಕಿಂತ ಎದೆಯ ಮೇಲೆ ಬಿತ್ತು ಎನ್ನಬೇಕು.

"ಗ್ರಂಥಸೂಚಿ ಎಲ್ಲಾ ಒಂದೇ ರಾಶಿ ಮಾಡಿದ್ದೀರಲ್ಲ ಮೇಡಂ," ಎಂದಳು ಮೇಲ್ವಿಚಾರಕಿ, ಕನ್ನಡಕದ ಮೇಲಿಂದ ನೋಡುತ್ತ. "ಮೊಕದ್ದಮೆ ಬೇರೆ, ಕಾಯ್ದೆ ಬೇರೆ, ಪುಸ್ತಕ ಲೇಖನ ಬೇರೆ. ಮೂರು ಪಟ್ಟಿ. ಮೊದಲೆರಡು ಪ್ರಬಂಧದ ಮುಂದೆ ಬರಬೇಕು, ಮೂರನೇದು ಹಿಂದೆ. ಮೊಕದ್ದಮೆಗೆ ಕೋರ್ಟು, ತೀರ್ಪಿನ ದಿನಾಂಕ, ಅದು ಪ್ರಬಂಧದಲ್ಲಿ ಬರೋ ಪುಟ ಸಂಖ್ಯೆ, ಎಲ್ಲಾ ಬೇಕು."

"ಹೋದ ವರ್ಷ ಹಿಂಗೇ ತಗೊಂಡ್ರಲ್ಲ ನಮ್ಮ ಕಾಲೇಜಿನವರದ್ದು?"

"ಹೋದ ವರ್ಷದ ಮಾತು ಹೋದ ವರ್ಷಕ್ಕಾಯ್ತು. ಇನ್ನೊಂದು, ತಿದ್ದಿದ ಪ್ರತಿ ಪುಟಕ್ಕೂ ಗೈಡ್ ಸಹಿ ಹಾಕಿಸ್ಕೊಂಡು ಬನ್ನಿ. ಶುಕ್ರವಾರ ಬಿಟ್ರೆ ಈ ಅವಧಿ ಮುಗೀತು."

ಶುಕ್ರವಾರ ಎಂದರೆ ಏನೆಂದು ಇವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾನೂನು ಕಾಲೇಜಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಹಂಗಾಮಿ ಉಪನ್ಯಾಸಕಿ. ಇದೀಗ ಒಂದೇ ಒಂದು ಖಾಯಂ ಹುದ್ದೆ ತೆರವಾಗಿದೆ. ಅರ್ಜಿಗೆ ಪ್ರಬಂಧ ಸಲ್ಲಿಸಿದ ಪ್ರಮಾಣಪತ್ರ ಅಂಟಿಸಲೇಬೇಕು, ಅದಕ್ಕೂ ಶುಕ್ರವಾರವೇ ಕೊನೆ. ಬೀದಿಯಲ್ಲಿ ಎಲ್ಲರಿಗೂ ಇವಳು ಲಾ ಮೇಡಂ. ಗೋಡೆ ತಕರಾರು, ಬಾಡಿಗೆ ತಕರಾರು ಎಂದು ಬಾಗಿಲು ತಟ್ಟುವವರಿಗೆ ಪುಕ್ಕಟೆ ಸಲಹೆ ಕೊಟ್ಟು ಕೊಟ್ಟು ಆ ಹೆಸರು ಬಂದದ್ದು. ಕಾಲೇಜಿನಲ್ಲಿ ಮಾತ್ರ ಇವಳ ಹೆಸರು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ. ಅಳಿಸಲು ಸುಲಭವಾಗಲಿ ಎಂದೋ ಏನೋ!

ಮನೆಯಲ್ಲಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಕೂತಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ಡ್ಯೂಟಿ ಬದಲಾಯಿಸಿಕೊಂಡು ಬಂದು ಎದುರು ಕೂತಳು. ಅಕ್ಕ ಹಳೆಯ ಪಟ್ಟಿಯಿಂದ ಒಂದೊಂದೇ ಓದುವುದು, ತಂಗಿ ಅದನ್ನು ಅದರದರ ಮನೆಗೆ ಸೇರಿಸುವುದು.

"ಇದು ಆಯೋಗದ ವರದಿ. ಕಾಯ್ದೆಗೆ ಹಾಕ್ಲಾ?"

"ಬೇಡ ಅಕ್ಕಾ, ವರದಿ ಕಾನೂನಲ್ಲ. ಪುಸ್ತಕದ ಜೊತೆ."

"ಇಲ್ಲೊಂದು ಮಸೂದೆ ಇದೆ."

"ಅದು ಪಾಸೇ ಆಗ್ಲಿಲ್ಲ. ಕಾಯ್ದೆಗಳ ಮಧ್ಯೆ ಕೂರೋಕೆ ಅದಕ್ಕೇನು ಹಕ್ಕು?"

"ನಿನ್ನ ಹಾಗೇ ಅನ್ನು. ಕೆಲಸ ಎಲ್ಲಾ ಮಾಡಿದೆ, ಖಾಯಂ ಆಗ್ಲಿಲ್ಲ," ಎಂದು ಅಕ್ಕ ನಕ್ಕಳು. ತಂಗಿಗೆ ನಗು ಬರಲಿಲ್ಲ.

ಕೆಲಸ ಅಂಥದ್ದು. ಅಡಿಟಿಪ್ಪಣಿಯಲ್ಲಿ ಮೊಕದ್ದಮೆಯ ಹೆಸರು ಓರೆ ಅಕ್ಷರದಲ್ಲಿರಬೇಕು, ಪಟ್ಟಿಗೆ ಬಂದ ಕೂಡಲೇ ನೆಟ್ಟಗೆ ನಿಲ್ಲಬೇಕು. ಅಡಿಟಿಪ್ಪಣಿಯಲ್ಲಿ ಲೇಖಕನ ಹೆಸರು ಮೊದಲು, ಮನೆತನದ ಹೆಸರು ಆಮೇಲೆ, ಪಟ್ಟಿಯಲ್ಲಿ ತಲೆಕೆಳಗು. ಅಲ್ಲಿ ಪುಸ್ತಕದ ಇಂಥ ಪುಟವೆಂದು ಬೆರಳಿಟ್ಟು ತೋರಿಸಬೇಕು, ಇಲ್ಲಿ ಆ ಪುಟ ಹೇಳಕೂಡದು. ರದ್ದಾದ ಕಾಯ್ದೆಯ ಪಕ್ಕ ರದ್ದಾಗಿದೆ ಎಂದು ಬರೆಯಬೇಕು. ಮೊಕದ್ದಮೆಗಳಿಗೆ ಪುಟ ಸಂಖ್ಯೆಯನ್ನು ಕಂಪ್ಯೂಟರೇ ಹಾಕಿಕೊಡುತ್ತದೆ ಎಂದು ನಂಬಿ ಒಂದೊಂದು ಉಲ್ಲೇಖಕ್ಕೂ ಗುರುತು ಹಾಕಿದಳು. ಪಟ್ಟಿ ಎದ್ದು ಬಂದಾಗ ಪುಟಗಳೆಲ್ಲ ತಪ್ಪು. ಆ ಗುರುತುಗಳು ಮರೆಯಲ್ಲಿರುವ ಅಕ್ಷರಗಳು. ಪರದೆಯ ಮೇಲೆ ಅವು ಕಾಣುತ್ತಿರುವಾಗಲೇ ಪಟ್ಟಿ ಮಾಡಿಸಿದ್ದಳು, ಅವು ಜಾಗ ತಿಂದು ಸಾಲುಗಳನ್ನು ಮುಂದೆ ತಳ್ಳಿದ್ದವು. ಮರೆಮಾಡಿ ಮತ್ತೆ ಮಾಡಿಸಿದ ಮೇಲೆ ಸರಿಹೋಯಿತು. ಅಷ್ಟು ತಿಳಿಯುವುದರೊಳಗೆ ಒಂದು ಮಧ್ಯಾಹ್ನ ಮಣ್ಣುಪಾಲು. ಇಷ್ಟೆಲ್ಲ ಒದ್ದಾಟದಿಂದ ಒಬ್ಬ ಬಾಡಿಗೆದಾರನಿಗಾದರೂ ನ್ಯಾಯ ಸಿಗುತ್ತದೆಯೇ? ಇಲ್ಲ. ಆದರೂ ಹಲ್ಲು ಕಚ್ಚಿಕೊಂಡು ಮಾಡಿದಳು.

ಪ್ರಬಂಧದ ವಿಷಯ ನಗರಸಭೆಯ ಮಳಿಗೆಗಳ ಬಾಡಿಗೆದಾರರು. ನೋಟಿಸ್ ಕೊಡದೆ, ಮಾತು ಕೇಳದೆ ಅವರನ್ನು ಬೀದಿಗೆ ತಳ್ಳಬಹುದೇ ಎಂಬುದು ಪ್ರಶ್ನೆ. ತಳ್ಳಬಾರದೆಂದು ಮೂರು ಬೇರೆ ಬೇರೆ ತೀರ್ಪುಗಳು ಹೇಳಿವೆ, ಹಾಗಾಗಿ ಅದು ಗಟ್ಟಿಯಾಗಿ ನೆಲೆನಿಂತ ನಿಯಮ ಎನ್ನುವುದು ನಾಲ್ಕನೆಯ ಅಧ್ಯಾಯದ ಜೀವ. ಟೈಲರನ ಮೊಕದ್ದಮೆ, ವಿಧವೆಯ ಮೊಕದ್ದಮೆ, ಬುಕ್ ಬೈಂಡರನ ಮೊಕದ್ದಮೆ. ತರಗತಿಯಲ್ಲಿ ಅವನ್ನು ಆ ಹೆಸರುಗಳಿಂದಲೇ ಕರೆದು ಪಾಠ ಮಾಡುತ್ತಿದ್ದಳು.

ಬುಧವಾರ ದಿನಾಂಕದ ಕಾಲಂ ತುಂಬುತ್ತಿದ್ದಾಗ ಕೈ ನಿಂತಿತು.

"ಅಕ್ಕಾ, ಟೈಲರಿಂದು ಏನಂದೆ ದಿನಾಂಕ? ಇನ್ನೊಂದ್ಸಲ ಓದು."

ವರದಿಗಳ ಸೂಚಿಯಿಂದ ಬರೆದುಕೊಂಡಿದ್ದ ಚೀಟಿ ನೋಡಿ ಅಕ್ಕ ಓದಿದಳು. ವಿಧವೆಯದೂ ಅದೇ ದಿನ, ಅದೇ ಕೋರ್ಟು. ಎದುರು ಪಕ್ಷ ಎರಡರಲ್ಲೂ ನಗರಸಭೆ. ಅದೇನೂ ದೊಡ್ಡದಲ್ಲ, ಪಟ್ಟಿಯಲ್ಲಿ ಅರ್ಧಕ್ಕರ್ಧ ಎದುರು ಪಕ್ಷ ನಗರಸಭೆಯೇ. ಆದರೆ ನ್ಯಾಯಮೂರ್ತಿಗಳ ಪೀಠವೂ ಒಂದೇ. ಎದ್ದು ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ತೀರ್ಪುಗಳನ್ನು ಅಚ್ಚು ಹಾಕುವ ಎರಡು ವರದಿ ಸಂಪುಟಗಳನ್ನು ಅಕ್ಕಪಕ್ಕ ಬಿಚ್ಚಿಟ್ಟಳು. ಮೊದಲ ಪ್ಯಾರಾದಿಂದ ಕೊನೆಯ ಪ್ಯಾರಾದವರೆಗೆ ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಒಂದೇ ಸಾಲಿನ ಮಳಿಗೆಗಳವರು ಸೇರಿ ಹಾಕಿದ್ದ ಅರ್ಜಿಗಳ ಗುಂಪು. ಕೋರ್ಟು ಎಲ್ಲಕ್ಕೂ ಸೇರಿಸಿ ಒಂದೇ ತೀರ್ಪು ಬರೆದಿತ್ತು. ಒಂದು ವರದಿ ಪತ್ರಿಕೆ ಅದನ್ನು ಟೈಲರನ ಹೆಸರಿನಲ್ಲಿ ಅಚ್ಚು ಹಾಕಿತ್ತು, ಇನ್ನೊಂದು ವಿಧವೆಯ ಹೆಸರಿನಲ್ಲಿ. ಒಂದೇ ಜಗಲಿಯ ಮೇಲೆ ಅಕ್ಕಪಕ್ಕ ಅಂಗಡಿ ಇಟ್ಟುಕೊಂಡಿದ್ದವರನ್ನು ಇವಳು ಇಷ್ಟು ವರ್ಷ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿದ್ದಳು.

ಟೈಲರನ ತೀರ್ಪನ್ನು ಪೂರ್ತಿ ಓದಿದ್ದಳು. ವಿಧವೆಯದನ್ನು ಓದಿರಲಿಲ್ಲ, ಗೈಡ್ ಬರೆದ ಬಾಡಿಗೆ ಕಾನೂನಿನ ಪುಸ್ತಕದಿಂದ ಎತ್ತಿಕೊಂಡಿದ್ದಳು. ಎರಡು ತೀರ್ಪು ಎಂದು ಮೊದಲು ಎಣಿಸಿದ್ದು ಆ ಪುಸ್ತಕವೇ. ಮಕ್ಕಳಿಗೆ ಮೂಲ ಓದಿ, ಮೂಲ ಓದಿ ಎಂದು ಬಾಯಿ ನೋಯುವಷ್ಟು ಹೇಳುವವಳು ತಾನೇ. ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಸಂಪುಟವನ್ನು ಧಡ್ ಎಂದು ಮುಚ್ಚಿದಳು. ಆಚೆ ಮೇಜಿನವರು ತಲೆ ಎತ್ತಿದರು.

ಸಾಲು ಒಂದೇ ಮಾಡಿದಳು: ಟೈಲರನ ಹೆಸರು, ಅದರ ಮುಂದೆ ಎರಡೂ ವರದಿಗಳ ಉಲ್ಲೇಖ. ವಿಧವೆಯ ಹೆಸರಿನೆದುರು 'ಟೈಲರನ ಮೊಕದ್ದಮೆ ನೋಡಿ' ಎಂದಷ್ಟೇ. ಅಧ್ಯಾಯದಲ್ಲಿ ಮೂರು ಎಂದಿದ್ದ ಕಡೆ ಎರಡು ಎಂದು ತಿದ್ದಿದಳು. ನೆಲೆನಿಂತ ನಿಯಮ ಎಂದಿದ್ದದ್ದು 'ಬಲವಾದ ಒಲವು' ಆಯಿತು. ಗೈಡ್ ಪುಸ್ತಕದಲ್ಲಿ ಈ ಒಂದೇ ತೀರ್ಪು ಎರಡೆಂದು ಎಣಿಕೆಯಾಗಿದೆ ಎಂದು ಒಂದು ಅಡಿಟಿಪ್ಪಣಿ, ಮರ್ಯಾದೆಯಿಂದಲೇ.

ಶುಕ್ರವಾರ ಬೆಳಿಗ್ಗೆ ಗೈಡ್ ಕೋಣೆ. ಅವರು ಕನ್ನಡಕ ಒರೆಸುತ್ತ ಪಟ್ಟಿ ನೋಡಿದರು, ಗೋಣು ಆಡಿಸಿದರು. ಅಡಿಟಿಪ್ಪಣಿಗೆ ಬಂದಾಗ ಗೋಣು ನಿಂತಿತು.

"ಇದೇನಮ್ಮಾ ಇದು?"

"ಎರಡೂ ಒಂದೇ ತೀರ್ಪು ಸರ್. ನಾನು ಸಂಪುಟ ತೆಗೆದು ನೋಡ್ದೆ."

"ಎರಡು ಕಡೆ ವರದಿಯಾಗಿದೆಯೋ ಇಲ್ವೋ? ಎರಡು ಉಲ್ಲೇಖ ಅಂದ್ಮೇಲೆ ಎರಡು ಸಾಲು."

"ಉಲ್ಲೇಖ ಎರಡು ಸರ್, ತೀರ್ಪು ಒಂದು. ಎರಡು ಸಾಲು ಹಾಕಿದ್ರೆ ಎರಡು ಸಲ ತೀರ್ಮಾನ ಆಯ್ತು ಅಂತ ಸುಳ್ಳು ಹೇಳಿದ ಹಾಗಾಗುತ್ತೆ."

"ಸುಳ್ಳು!" ಅವರ ಮೂಗು ಕೆಂಪಗಾಯಿತು. "ನನ್ನ ಪುಸ್ತಕ ಎಷ್ಟು ಕಾಲೇಜಲ್ಲಿ ಓದಿಸ್ತಾರೆ ಗೊತ್ತಾ? ಇಷ್ಟು ವರ್ಷ ಒಬ್ಬರೂ ಕೇಳ್ಲಿಲ್ಲ, ನೀವು ಎಣಿಸೋಕೆ ಬಂದ್ರಾ?"

"ಆಫೀಸಿನವರು ಪಟ್ಟಿ ಬೇರೆ ಮಾಡಿ ಅಂದಿದ್ದಕ್ಕೆ ಕಂಡಿದ್ದು ಸರ್. ದಿನಾಂಕದ ಕಾಲಂ ಇಲ್ದಿದ್ರೆ ನಂಗೂ ಕಾಣ್ತಿರ್ಲಿಲ್ಲ."

ಅವರು ಕುರ್ಚಿಗೆ ಒರಗಿದರು. ದನಿ ಮೆತ್ತಗಾಯಿತು. ಬೈಗುಳಕ್ಕಿಂತ ಈ ಮೆತ್ತಗಿನ ದನಿಯೇ ಅಪಾಯವೆಂದು ಹಂಗಾಮಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

"ನೋಡಮ್ಮ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಟಿಪ್ಪಣಿ ತೆಗೀರಿ, ಎರಡು ಸಾಲು ಮೊದಲಿನ ಹಾಗೇ ಇರ್ಲಿ. ವಿಧವೆಯದಕ್ಕೆ 'ದಿನಾಂಕ ಲಭ್ಯವಿಲ್ಲ' ಅಂತ ಹಾಕಿ. ಆಫೀಸಿನವರು ಕಾಲಂ ತುಂಬಿದೆಯಾ ನೋಡ್ತಾರೆ, ಒಳಗೇನಿದೆ ನೋಡಲ್ಲ. ಹಾಕ್ಕೊಂಡು ಬನ್ನಿ, ನಿಂತ ನಿಲುವಲ್ಲೇ ಸಹಿ ಮಾಡ್ತೀನಿ. ಸಂಜೆ ಹೊತ್ತಿಗೆ ಅರ್ಜಿ ಹಾಕ್ಬಿಡ್ತೀರಿ."

ಲಭ್ಯವಿಲ್ಲ! ದಿನಾಂಕ ಅಚ್ಚಾಗಿ ಗ್ರಂಥಾಲಯದ ಕಪಾಟಿನಲ್ಲಿ ಕೂತಿದೆ, ಕೈ ಚಾಚಿದರೆ ಸಿಗುತ್ತದೆ. ಕಾನೂನು ಓದಿಸುವ ಮನುಷ್ಯ, ಹೊಸಬರ ಪ್ರಬಂಧಗಳಿಗೆ 'ಪರಿಶೀಲಿಸಿದ್ದೇನೆ' ಎಂದು ಸಹಿ ಹಾಕುವ ಮನುಷ್ಯ, ಹಗಲು ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟುಕೊಂಡೇ ಇದನ್ನು ಹೇಳುತ್ತಾನೆ. ಹೇಳಿ ಅದಕ್ಕೆ ಉಪಕಾರ ಎಂದು ಹೆಸರಿಡುತ್ತಾನೆ.

ಇವಳು ವರಾಂಡಕ್ಕೆ ಬಂದು ಅಕ್ಕನಿಗೆ ಫೋನ್ ಮಾಡಿದಳು.

"ಹಾಕಿ ಬಿಸಾಕೇ," ಎಂದಳು ಅಕ್ಕ. "ಒಂದು ಸಾಲು ತಾನೇ? ಸತ್ತು ಹೋಗಲ್ಲ ಯಾರೂ. ಖಾಯಂ ಆದ್ಮೇಲೆ ತಿದ್ಕೋ."

"ಖಾಯಂ ಆದ್ಮೇಲೆ ಯಾರು ತಿದ್ತಾರಕ್ಕಾ? ಸರ್ ತಿದ್ಕೊಂಡ್ರಾ?"

"ನೀನು ನರ್ಸ್ ಆಗಿದ್ರೆ ಡ್ರಿಪ್ ಹಾಕೋಕೆ ಮುಂಚೆ ಬಾಟಲಿ ಮೇಲಿನ ಅಕ್ಷರ ಎಲ್ಲಾ ರೋಗಿ ಕೈಲಿ ಓದಿಸ್ತಿದ್ದೆ," ಎಂದು ಗೊಣಗಿ, "ಏನಾದ್ರೂ ಮಾಡ್ಕೋ, ಊಟ ಮಾತ್ರ ಬಿಡ್ಬೇಡ," ಎಂದಳು.

ಇವಳು ಮತ್ತೆ ಒಳಗೆ ಹೋದಳು. ಪಟ್ಟಿ ಈಗ ಇರುವ ಹಾಗೆಯೇ ಸಹಿ ಬೇಕೆಂದು ಇನ್ನೊಮ್ಮೆ ಕೇಳಿದಳು. ಅವರು ಹಾಳೆಗಳನ್ನು ಮೇಜಿನಂಚಿಗೆ ಸರಿಸಿದರು. "ಸೋಮವಾರ ಬನ್ನಿ. ಯೋಚನೆ ಮಾಡೋಣ." ಸೋಮವಾರ ಯೋಚಿಸಲು ಏನೂ ಉಳಿದಿರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಳೆಗಳನ್ನು ಎತ್ತಿಕೊಂಡು, "ಆಯ್ತು ಸರ್," ಎಂದು ಹೊರಟಳು. ಆ ಸರ್ ಎಂಬ ಮಾತು ಬಾಯಲ್ಲಿ ಕಹಿ ಬಿಟ್ಟಿತು.

ಸಂಶೋಧನಾ ವಿಭಾಗದಲ್ಲಿ ಇನ್ನೊಂದು ಅವಧಿಗೆ ಕಾಲಾವಕಾಶ ಕೇಳುವ ಅರ್ಜಿ ಬರೆದಳು. ಅದಕ್ಕೆ ಗೈಡ್ ಸಹಿ ಬೇಕಿಲ್ಲ ಎನ್ನುವುದೇ ಆ ಇಲಾಖೆಯ ನಿಯಮಗಳಲ್ಲಿ ಇವಳಿಗೆ ಕಂಡ ಏಕೈಕ ಕರುಣೆ. ಮೇಲ್ವಿಚಾರಕಿ ಓದಿದಳು, ಮತ್ತೆ ಓದಿದಳು.

"ಮೂರು ಪಟ್ಟಿ ಆಗಿದೆಯಲ್ಲ ಮೇಡಂ. ಚೆನ್ನಾಗೇ ಮಾಡಿದ್ದೀರಿ. ಮತ್ಯಾಕೆ ಕಾಲಾವಕಾಶ?"

"ಸಹಿ ಸಿಗ್ಲಿಲ್ಲ."

"'ಒಂದು ತೀರ್ಪನ್ನು ಎರಡು ಎಂದು ಎಣಿಸಿದ್ದರಿಂದ' ಅಂತ ಬರೆದಿದ್ದೀರಿ. ಇಂಥ ಕಾರಣ ನಮ್ಮ ಕಂಪ್ಯೂಟರಲ್ಲೇ ಇಲ್ಲ. ಅನಾರೋಗ್ಯ ಇದೆ, ಹೆರಿಗೆ ಇದೆ, ಇತರೆ ಇದೆ."

"ಇತರೆ ಹಾಕಿ."

"ಆ ಖಾಯಂ ಪೋಸ್ಟಿಗೆ ನೀವೂ ಹಾಕ್ತೀರಿ ಅಂತಿದ್ರು?"

"ಅಂತಿದ್ರು."

ಮೇಲ್ವಿಚಾರಕಿ ಅರ್ಜಿಯ ಮೇಲೆ ಠಸ್ಸೆ ಒತ್ತಿದಳು.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಮನೆಗೆ ಹೋಗಿ ಅಕ್ಕನ ಮುಖ ನೋಡುವ ಧೈರ್ಯ ಬರಲಿಲ್ಲ, ಗ್ರಂಥಾಲಯಕ್ಕೆ ಹೋದಳು. ಮೊಕದ್ದಮೆಗಳ ಪಟ್ಟಿಯನ್ನು ಮೇಜಿನ ಮೇಲೆ ಹರಡಿ ಪೆನ್ನು ತೆಗೆದಳು. ತಾನೇ ಓದಿದವುಗಳ ಮುಂದೆ ಗೆರೆ ಎಳೆದಳು, ಬೇರೆಯವರ ಪುಸ್ತಕದಿಂದ ಎತ್ತಿಕೊಂಡವುಗಳನ್ನು ಹಾಗೇ ಬಿಟ್ಟಳು. ಬಿಟ್ಟವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದವು. ಅವುಗಳಿರುವ ಸಂಪುಟಗಳ ಹೆಸರು ಬರೆದ ಚೀಟಿಯನ್ನು ಗ್ರಂಥಪಾಲಕನಿಗೆ ಕೊಟ್ಟಳು.

ಅವನು ಚೀಟಿ ನೋಡಿ, ಕಪಾಟುಗಳ ಎತ್ತರ ನೋಡಿ, ಇವಳನ್ನು ನೋಡಿದ. "ಇಷ್ಟೂ ಇವತ್ತೇ ಬೇಕಾ ಮೇಡಂ? ಶುಕ್ರವಾರ ಏನೋ ಕೊನೆ ಅಂತಿದ್ರಲ್ಲ?"

"ಅದು ಹೋಯ್ತು. ಈಗ ಅವಸರ ಇಲ್ಲ, ಒಂದೊಂದೇ ಇಳಿಸಿ," ಎಂದು ಕುರ್ಚಿ ಎಳೆದುಕೊಂಡಳು.