ಕೊನೆಯ ಗರಿಗೆ ಹಚ್ಚಿದ ಮಸಿ

ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಾವನವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾಗಿದ್ದರು. ಊರೂರಿಂದ ಓಲೆಗರಿಯ ಕಟ್ಟುಗಳನ್ನು ಎರವಲು ತಂದು ಕಾಗದಕ್ಕೆ ಇಳಿಸುವುದು ಅವರ ಹುಚ್ಚು. ಆದರೆ ಕಣ್ಣು ಮಂಜಾಗಿತ್ತು. ನನಗೆ ಓದು ಬರುತ್ತದೆಂದು ಗೊತ್ತಾದದ್ದೇ ತಡ, ಅಡುಗೆಮನೆಯಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಹಳೆಯ ಲಿಪಿ ಮೊದಮೊದಲು ಜಿಲೇಬಿ ಸುತ್ತಿಟ್ಟ ಹಾಗೆ ಕಾಣುತ್ತಿತ್ತು. ಪದಗಳ ನಡುವೆ ಜಾಗವಿಲ್ಲ, ಎ ಯಾವುದು ಏ ಯಾವುದು ಎಂಬ ಗುರುತಿಲ್ಲ. ತಪ್ಪು ಓದಿದರೆ ಅವರು ಬೈಯುತ್ತಿರಲಿಲ್ಲ. "ಇನ್ನೊಂದ್ಸಲ ನೋಡಮ್ಮ, ಅವಸರ ಏನಿಲ್ಲ" ಎನ್ನುತ್ತಿದ್ದರು.

ಆ ವರ್ಷ ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಒಂದು ಕಟ್ಟು ಬಂತು. ದನಗಳ ಕಾಯಿಲೆಗೆ ಮದ್ದು ಹೇಳುವ ಪುಸ್ತಕ. ಮನೆಯೊಡತಿ ಒಬ್ಬ ವಿಧವೆ ಅಜ್ಜಿ. ಮುತ್ತಜ್ಜ ಬರೆದದ್ದೆಂದು ಆ ಮನೆಯವರು ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದರು. ಒಂದೇ ಷರತ್ತು: ಗರಿಗೆ ಮಸಿ ಮುಟ್ಟಿಸಬಾರದು.

ಷರತ್ತು ಕಷ್ಟದ್ದಾಗಿತ್ತು. ಓಲೆಯ ಮೇಲೆ ಕಂಟ ಎಂಬ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರಕ್ಕೆ ಸ್ವಂತ ಬಣ್ಣವಿರುವುದಿಲ್ಲ. ಗೀರಿನೊಳಗೆ ಮಸಿ ಕೂತರೆ ಮಾತ್ರ ಎದ್ದು ಕಾಣುತ್ತದೆ. ಇಲ್ಲಿ ಹಳೆಯ ಮಸಿ ಉದುರಿಹೋಗಿತ್ತು. ನಾನು ಕಿಟಕಿಯ ಬಿಸಿಲನ್ನು ಕೈಗನ್ನಡಿಯಿಂದ ಗರಿಯ ಮೇಲೆ ಅಡ್ಡಲಾಗಿ ಬೀಳಿಸುತ್ತಿದ್ದೆ. ಆಗ ಗೀರುಗಳಲ್ಲಿ ನೆರಳು ಕೂತು ಅಕ್ಷರ ಮೂಡುತ್ತಿತ್ತು. ಗರಿಯ ಉದ್ದಕ್ಕೂ ಓಡುವ ನಾರು, ಬಿರುಕುಗಳಿಗೂ ಅದೇ ನೆರಳು. ಯಾವುದು ಬರಹ, ಯಾವುದು ನಾರು ಎಂದು ತಿಳಿಯಲು ಗರಿಯನ್ನು ಹತ್ತು ಬಗೆಯಲ್ಲಿ ವಾಲಿಸಬೇಕಿತ್ತು.

ಹಾಗೆ ತಿಂಗಳುಗಟ್ಟಲೆ ಕೂತು ಕೊನೆಯ ಗರಿಗೆ ಬಂದೆವು. ಬರೆದವರ ಹೆಸರಿರುವ ಜಾಗವನ್ನೇ ಹುಳ ತಿಂದಿತ್ತು. ನಂತರದ ಭಾಗ ಕೈ ತಾಗಿ ತಾಗಿ ಸವೆದಿತ್ತು. ಮಾವನವರು ಭೂತಗನ್ನಡಿ ಹಿಡಿದು, "ಬರೆದ, ಆಮೇಲೆ ಸೊನ್ನೆ. ಬರೆದಂ, ಅಂದ್ರೆ ಬರೆದನು. ಮುಗೀತು" ಎಂದು ಪ್ರತಿಯಲ್ಲಿ ಬರೆದೇಬಿಟ್ಟರು.

ನಾನು ಗರಿಯನ್ನು ಬೆಳಕಿಗೆ ಎತ್ತಿ ಹಿಡಿದೆ. ಸೊನ್ನೆಯ ಜಾಗದಲ್ಲಿ ಬೆಳಕು ಆಚೆಯಿಂದ ತೂರಿ ಬಂತು.

"ಮಾವ, ಇದು ಹುಳದ ತೂತು. ಇದರಾಚೆ ಏನೋ ಇದೆ."

"ನಾರಿರಬೇಕು."

"ನಾರು ಸುರುಳಿ ಸುತ್ತಲ್ಲ, ಮಾವ."

ಅವರು ಭೂತಗನ್ನಡಿ ಕೆಳಗಿಟ್ಟು ಎದ್ದುಹೋದರು. ಊಟದ ಹೊತ್ತಿಗೂ ಮುಖ ಗಂಟಿಕ್ಕಿಕೊಂಡೇ ಇದ್ದರು. ತಟ್ಟೆ ಬಿಟ್ಟೇಳುವಾಗ ಮಾತ್ರ, "ನಾಳೆ ಕಟ್ಟು ತಗೊಂಡು ಸೊರಬದ ಬಸ್ಸಿಗೆ ಹೋಗೋಣ. ನೀನೂ ಬಾ" ಎಂದರು.

ಕುಪ್ಪಗಡ್ಡೆಯ ಅಜ್ಜಿ ನಮಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತರು. ಮಾವನವರು ವಿಷಯ ಹೇಳಿ, ಕೊನೆಯ ಗರಿಗೆ ಮಸಿ ಹಚ್ಚಲು ಒಪ್ಪಿಗೆ ಕೇಳಿದರು.

"ಮಸಿ ಬಳಿದ್ರೆ ಹಾಳಾಗೋದಿಲ್ವೇನ್ರೀ ಪಂಡಿತ್ರೇ?"

"ಬರೆದೋರೇ ಮೊದ್ಲು ಬಳಿದಿದ್ರು ಕಣಮ್ಮ. ಅದು ಅಳಿಸೋದಲ್ಲ, ಕಾಣಿಸೋದು. ಬರೀ ಗರಿ ಮೇಲೆ ಮೊದ್ಲು ಮಾಡಿ ತೋರಿಸ್ತೀನಿ."

ಕಟ್ಟಿನ ಹೊರಗೆ ರಕ್ಷಣೆಗೆಂದು ಇಟ್ಟಿದ್ದ ಖಾಲಿ ಗರಿಯ ಅಂಚಿನಲ್ಲಿ ನಾನು ದಬ್ಬಣದಿಂದ 'ಅ' ಕೊರೆದೆ. ಅಜ್ಜಿ ಅವತ್ತೂ ಮೊಮ್ಮಗುವಿಗೆ ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದರು. ಹರಳೆಣ್ಣೆ ದೀಪದ ಮಸಿಯನ್ನು ತಟ್ಟೆಯಿಂದ ಕೆರೆದು ತಾವೇ ತಂದರು. ಗರಿಗೆ ಸವರುವ ಮಜ್ಜಿಗೆಹುಲ್ಲಿನ ಎಣ್ಣೆಯ ಸೀಸೆ ನಮ್ಮ ಚೀಲದಲ್ಲಿತ್ತು. ಎರಡು ಹನಿ ಕಲಸಿ, ಬಟ್ಟೆಯ ಉಂಡೆಯಿಂದ ಸವರಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಮೇಲಿನ ಕಪ್ಪು ಬಟ್ಟೆಗೆ ಬಂತು, 'ಅ' ಮಾತ್ರ ಕಪ್ಪಗೆ ನಿಂತಿತು.

ಅಜ್ಜಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಹೋಗಲ್ವಲ್ಲ! ಹಂಗಾರೆ ಹಚ್ಚು ಮಗಾ."

ಕೊನೆಯ ಗರಿಗೆ ಮೊದಲು ಬರಿಯ ಎಣ್ಣೆ ಸವರಿ ಮೆದುವಾಗಲು ಬಿಟ್ಟೆ. ಆಮೇಲೆ ಅಂಗೈ ಮೇಲಿಟ್ಟುಕೊಂಡು, ಬಿರುಕು ಬಿಡದಂತೆ, ಉದ್ದಕ್ಕೆ ಮಸಿ ಹಚ್ಚಿದೆ. ಒರೆಸಿದಾಗ 'ಬರೆದ' ಕಂಡಿತು. ತೂತಿನ ಅಂಚೂ ಕಪ್ಪಾಗಿ ಥೇಟ್ ಸೊನ್ನೆಯಂತೆಯೇ ಕಂಡಿತು, ಮಾವನವರು ಮೋಸ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅದರಾಚೆ ಸಣ್ಣದಾಗಿ, ಆದರೆ ಸ್ಪಷ್ಟವಾಗಿ, 'ಳು'.

ಮಾವನವರು ಗರಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. "ಬರೆದಳು" ಎಂದು ಓದಿದರು. ಮತ್ತೊಮ್ಮೆ ಓದಿದರು.

"ಹೆಂಗಸೇ?" ಎಂದರು ಅಜ್ಜಿ. "ನಮ್ಮ ಮನೇಲಿ?"

"ಹೆಸರು ಹುಳ ತಿಂದಿದೆ ಅಮ್ಮ. ಯಾರಂತ ಗೊತ್ತಾಗಲ್ಲ. ಗಂಡಸಲ್ಲ ಅನ್ನೋದಂತೂ ನಿಜ" ಎಂದರು ಮಾವನವರು.

ಅಜ್ಜಿ ಬಾಯಿಗೆ ಸೆರಗು ಹಿಡಿದು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಇಷ್ಟು ವರ್ಷ ಆ ಮುತ್ತಜ್ಜನಿಗೇ ಕೈ ಮುಗಿದೆನಲ್ಲ! ದನಾ ನೋಡ್ಕಳೋಳು ಅವಳೇ ಇರ್ಬೇಕು ಬಿಡಿ" ಎಂದರು. ಉಳಿದ ಗರಿಗಳಿಗೂ ಮಸಿ ಹಚ್ಚಿಕೊಡಿ ಎಂದು ನಮ್ಮನ್ನು ಎರಡು ದಿನ ಉಳಿಸಿಕೊಂಡರು.

ವಾಪಸು ಬರುವ ಬಸ್ಸಿನಲ್ಲೇ ಮಾವನವರು ಪ್ರತಿಯನ್ನು ತೊಡೆಯ ಮೇಲೆ ಬಿಚ್ಚಿ, 'ಬರೆದಂ' ಎಂಬುದನ್ನು ಹೊಡೆದು ತಿದ್ದಿದರು. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾಯಿತು. ಕೆಳಗೆ, ಪ್ರತಿ ಮಾಡಿದವರು ಎಂಬಲ್ಲಿ, ತಮ್ಮ ಹೆಸರಿಗಿಂತ ಮೇಲೆ ನನ್ನ ಹೆಸರು ಬರೆದು ಪುಸ್ತಕ ನನ್ನ ಕೈಗಿಟ್ಟರು.

"ತಪ್ಪಿದ್ರೆ ಹೇಳಮ್ಮ" ಎಂದರು.